ಹೊಗಳಿದ್ರ ಏನಂತ ಉತ್ತರಾ ಕೊಡೋದು?

ನಮ್ಮ ಧಾರವಾಡದ ಕಡೆ ಯಾರರೆ 'ಸೀರಿ ಭಾಳ ಛಂದ ಅದರೀ ವೈನಿ' ಅಂದ್ರ ನಾವೇನಂತೀವಿ, ನೆನಪ ಮಾಡ್ಕೋರಿ. 'ಅಯ್ಯ, ಹಳೇದರೀ ಇದು' ಅಂತೀವಿ. ಹೊಸಾದಿದ್ರ 'ಭಾಳ ರೊಕ್ಕದ್ದಲ್ಲರೀ, ಸೇಲಿನ್ಯಾಗ ಸಿಕ್ತು' ಅಂತೀವಿ. 'ಧನ್ಯವಾದ' ಅಂತ ಮಾತ್ರ ಯಾರೂ ಅನ್ನಂಗಿಲ್ಲ. ಆ ಶಬ್ದ ಏನಿದ್ರೂ ಸಭಾದಾಗ ವಂದನಾರ್ಪಣೆ ಮಾಡೋರಿಗೆ. ಮನ್ಯಾಗ ಅಂದ್ರ ಹೊರಗಿನವರ ಜೋಡಿ ಮಾತಾಡಿಧಂಗ ಆಗ್ತದ.

ಹಂಗಂತ 'ಹಳೇದರೀ' ಅನ್ನೋದು ಸುಳ್ಳಲ್ಲ. ನಾನೇನ ನಿಮಗಿಂತ ಹೆಚ್ಚಿನಾಕಿ ಅಲ್ಲ ಅಂತ ಹೇಳೋ ರೀತಿ ಅದು. ಹೊಗಳಿದಾಕಿಗೂ ಅದು ಗೊತ್ತಿರತದ. 'ಹಳೇದಾದ್ರೂ ಬಣ್ಣಾ ಹೆಂಗ ಉಳದದ ನೋಡ್ರಿ, ಎಷ್ಟಕ್ಕ ತೊಗೊಂಡಿದ್ರಿ?' ಅಂತ ಮುಂದ ಕೇಳ್ತಾಳ. ರೇಟ್ ಕೇಳೋದೂ ನಮ್ಮಲ್ಲೆ ಒಂದು ನಮೂನಿ ಹೊಗಳಿಕಿನೇ. ನಾವು ಅಲ್ಲ ಅಂದಷ್ಟೂ ಮಾತು ಬೆಳೀತದ.

ಇಂಗ್ಲೀಷನ್ಯಾಗ ಇದು ಉಲ್ಟಾ. ನಮ್ಮ ವೈನಿ ಅಮೆರಿಕಾಕ್ಕ ಮಗಳ ಮನಿಗೆ ಹೋದಾಗ ಒಂದಿನ ಇಳಕಲ್ ಸೀರಿ ಉಟ್ಟಿದ್ರಂತ. ಬಾಜೂ ಮನಿಯಾಕಿ ಟೋಪ ತೆನಿ ಸೆರಗು ನೋಡಿ 'ಬ್ಯೂಟಿಫುಲ್' ಅಂದ್ಲಂತ. ವೈನಿ ನಮ್ಮ ಪದ್ಧತಿ ಪ್ರಕಾರ 'ನೋ ನೋ, ವೆರಿ ಓಲ್ಡ್, ವೆರಿ ಚೀಪ್' ಅಂದ್ರು. ಆಕಿ 'ಇಲ್ಲಿಲ್ಲ, ಖರೇನ ಛಂದ ಅದ' ಅಂದ್ಲು. ವೈನಿ ಮತ್ತ 'ನೋ ನೋ'. ಆಕಿ ಸುಮ್ಮನಾಗಿಬಿಟ್ಲು.

ಆಮ್ಯಾಲೆ ಮಗಳು ತಿಳಿಸಿ ಹೇಳಿದ್ಲು. ಅವರ ಲೆಕ್ಕದಾಗ ಹೊಗಳಿಕಿ ಅಂದ್ರ ಕೈಯಾಗ ಕೊಟ್ಟ ಹೂವಿನಂಗ. 'ನೋ' ಅಂದ್ರ ಅದನ್ನ ತೊಗೊಳ್ಳಿಲ್ಲ ಅಂತ, ನಿನ್ನ ಕಣ್ಣಿಗೆ ಛಂದ ಯಾವುದು ತಿಳಿಯೂದಿಲ್ಲ ಅಂತ ಆಗ್ತದ. ಇಲ್ಲಾ, ಇನ್ನೊಮ್ಮೆ ಹೊಗಳು ಅಂತ ಎಳದಂಗ ಕಾಣಸ್ತದ. ಅಲ್ಲೂ 'ಅಯ್ಯ, ಹಳೇದು' ಅನ್ನೋರು ಇದ್ದಾರ. ಆದ್ರ ಒಮ್ಮೆ ಅಂದು ನಕ್ಕು 'ಥ್ಯಾಂಕ್ ಯೂ' ಅಂತ ಮುಗಸ್ತಾರ. ಹಂಗಾರ ಏನನ್ನಬೇಕು? 'ಥ್ಯಾಂಕ್ ಯೂ, ಇದು ನಮ್ಮವ್ವ ಕೊಟ್ಟಿದ್ದು' ಅಂದ್ರ ಸಾಕು. ಜಂಬಾನೂ ಆಗಂಗಿಲ್ಲ, ಆಕಿಗೆ ಮುಂದ ಕೇಳಲಿಕ್ಕೆ ಒಂದ ಮಾತೂ ಸಿಗತದ. ರೇಟಿನ ಮಾತು ಮಾತ್ರ ತಗೀಬಾರದು.

ಅಡಗಿ ವಿಷಯದಾಗ ಇನ್ನೊಂದು ಪಂಚಾತಿ. 'ಹೋಳಿಗಿ ಛಲೋ ಆಗ್ಯಾವ' ಅಂದ್ರ ನಮ್ಮಲ್ಲೆ ಉತ್ತರಾ ಬಾಯಿಲೆ ಅಲ್ಲ, ಕೈಲೆ. 'ಇನ್ನೊಂದ ಹಾಕಲೇನು?' ಅನ್ನೋದರಾಗ ಎಲಿ ಮ್ಯಾಲೆ ಹೋಳಿಗಿ ಬಿದ್ದಿರತದ. ಉಣ್ಣೋರು ಮೊದಲನೇ ಸಲ 'ಸಾಕು' ಅನ್ನೋದು ಬರೇ ಸಂಕೋಚ, ಎರಡನೇ ಸಲ ಅಂದಾಗ ನಂಬಬೇಕು. ಆದ್ರ ಆ ಬಾಜೂ ಮನಿಯಾಕಿ 'ಡೆಲಿಶಿಯಸ್' ಅಂದಿದ್ದು ರುಚಿಗಷ್ಟ, ಇನ್ನೊಂದು ಬೇಕಂತ ಅಲ್ಲ. ಆಕಿ 'ನೋ ಥ್ಯಾಂಕ್ಸ್' ಅಂದ್ರ ಮೊದಲನೇ ಸಲಾನೇ ಖರೇ. ವೈನಿ ಹಾಕಿದ ಎರಡನೇ ಹೋಳಿಗಿ ತಾಟಿನ್ಯಾಗ ಹಂಗ ಉಳೀತು. ಇವರಿಗೆ ರುಚಿ ಹಿಡಿಸಿಲ್ಲ ಅಂತ ಬ್ಯಾಸರ, ಆಕಿಗೆ ಬಿಟ್ಟೆನಲ್ಲಾ ಅಂತ ಸಂಕೋಚ.

ಇದು ಪರದೇಶದ ಮಾತಷ್ಟ ಅಲ್ಲ, ನಮ್ಮ ಮನ್ಯಾಗೂ ಬಂತು. ನನ್ನ ಸೊಸಿ ಬೆಂಗಳೂರಾಗ ಇಂಗ್ಲೀಷನ್ಯಾಗ ಬೆಳದಾಕಿ. ಶ್ರಾವಣದಾಗ ನಮ್ಮ ಮಾವಶಿ 'ಎಣಗಾಯಿ ಛಲೋ ಮಾಡೀ ವಾ' ಅಂದಾಗ 'ಥ್ಯಾಂಕ್ ಯೂ ಅಜ್ಜಿ' ಅಂತ ನಕ್ಕು ಕೂತ್ಲು. ಆಕಿ ಲೆಕ್ಕದಾಗ ಹಿರಿಯರ ಮಾತಿಗೆ ಮರ್ಯಾದಿ ಕೊಟ್ಲು. ಮಾವಶಿ ಮಾತ್ರ ಹೊರಗ ಬಂದು 'ಹುಡಗಿಗೆ ಜಂಬಾ ಭಾಳ, ಛಲೋ ಆಗೇದಂತ ತಾನ ಒಪ್ಪಿಕೊಂಡ್ಲು' ಅಂದ್ರು. ಅದು ನಾಲ್ಕ ಮನಿ ಸುತ್ತಿ ವಾಪಸ್ ಸೊಸಿ ಕಿವಿಗೂ ಬಿತ್ತು. ಎರಡ ದಿನ ಅಡಗಿಮನಿಗೆ ಬಂದ್ರೂ ಮಾತಾಡ್ಲಿಲ್ಲ ಪಾಪ.

ನಾ ಆಕಿಗೆ 'ಥ್ಯಾಂಕ್ ಯೂ ಬಿಡಬ್ಯಾಡ, ಅದರ ಹಿಂದ "ಇನ್ನೊಂಚೂರು ಬಡಸಲೇನ್ರಿ?" ಅಂತ ಸೇರಸು' ಅಂದೆ. ಮಾವಶಿಗೂ ಹೇಳಿದೆ, 'ಆಕಿ ಥ್ಯಾಂಕ್ ಯೂ ಅಂದ್ರ ನಮಸ್ಕಾರ ಮಾಡಿದ್ಲು ಅಂತ ತಿಳೀರಿ' ಅಂತ. ಮುಂದಿನ ಸಲ ಸೊಸಿ ಎರಡ ಸೌಟು ಎಣಗಾಯಿ ಬಡಿಸೇಬಿಟ್ಲು. ಮಾವಶಿ 'ಸಾಕ ಸಾಕು' ಅಂದ್ರು, ಸೊಸಿ ಖರೇ ಅಂತ ತಿಳಿದು ಪಾತೇಲಿ ಒಳಗ ಒಯ್ದ್ಲು! ಮಾವಶಿ ನನ್ನ ಮುಖಾ ನೋಡಿದ್ರು. ಆ ಎರಡನೇ 'ಸಾಕು' ವಿಷಯ ಆಕಿಗಿನ್ನೂ ಹೇಳಿಕೊಡೋದು ಬಾಕಿ ಅದ.