ಈ 'ಯು' ಯಾರು?

ಸಹೋದರಿಯರೇ, ಕನ್ನಡದಲ್ಲಿ 'ನೀನು ಬಂದೆ' ಎಂದರೆ ಬಂದವರು ಗಂಡೋ ಹೆಣ್ಣೋ ತಿಳಿಯದು. ಇಂಗ್ಲಿಷಿನ 'ಯು' ಪದದಲ್ಲಂತೂ ಒಬ್ಬರೋ ಹಲವರೋ ಎಂಬುದೂ ತಿಳಿಯದು. ಅರಬಿ ಹಾಗಲ್ಲ. ಗಂಡಿಗೆ 'ಅಂತ', ಹೆಣ್ಣಿಗೆ 'ಅಂತಿ', ಹಲವರಿಗೆ 'ಅಂತುಮ್'. ಇಬ್ಬರಿಗೆ ಬೇರೆ ರೂಪ, ಹೆಂಗಸರೇ ಇರುವ ಗುಂಪಿಗೆ ಬೇರೆ ರೂಪ. ಮದ್ರಸದಲ್ಲಿ ನಾವು ಇವನ್ನೆಲ್ಲ ಬಾಯಿಪಾಠ ಮಾಡಿದ್ದೆವು. ಯಾವುದನ್ನು ಎಲ್ಲಿ ಆರಿಸಬೇಕೆಂಬ ಪ್ರಶ್ನೆ ಏಳುವುದು ಅನುವಾದಕ್ಕೆ ಕೂತಾಗ.

ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ಒಂದು ಚಿತ್ರ ತಂದಳು. ಹೂಗಳ ನಡುವೆ ಇಂಗ್ಲಿಷಿನಲ್ಲಿ ಮೂರು ಸಾಲು: 'ಡೋಂಟ್ ಬಿ ಸ್ಯಾಡ್. ಯು ಆರ್ ನಾಟ್ ಅಲೋನ್. ಮೇ ಅಲ್ಲಾಹ್ ಹೀಲ್ ಯು.'

"ಇದು ಯಾರಿಗಮ್ಮಾ?" ಎಂದೆ.

"ಗಲ್ಫಿನಲ್ಲಿರುವ ಅಣ್ಣ ಅರಬಿಯಲ್ಲಿ ಬರೆದು ಕೊಡು ಎಂದಿದ್ದಾನೆ, ಟೀಚರ್. ಕಾಯಿಲೆ ಬಿದ್ದ ಸಹೋದ್ಯೋಗಿಗಳಿಗೆ ಕಳಿಸಲಿಕ್ಕಂತೆ. ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ."

ಚಿತ್ರದಲ್ಲಿ ಸುಳಿವಿಲ್ಲ. ಅದರಲ್ಲಿ ಒಬ್ಬ ಹೆಂಗಸಿದ್ದರೂ ಅವಳು ಮಾತನ್ನು ಆಡುತ್ತಿರುವವಳೋ ಕೇಳುತ್ತಿರುವವಳೋ ಹೇಳಲಾಗದು. ಆದ್ದರಿಂದ ಒಂದೊಂದೇ ಸಾಲು ನೋಡಿದೆವು.

ಮೂರನೆಯ ಸಾಲು ಗಂಡಿಗೆ 'ಶಫಾಕಲ್ಲಾಹ್', ಹೆಣ್ಣಿಗೆ 'ಶಫಾಕಿಲ್ಲಾಹ್'. ವ್ಯತ್ಯಾಸವಿರುವುದು ಕಾಫ್ ಅಕ್ಷರದ ಮೇಲಿನ ಫತಹ, ಕೆಳಗಿನ ಕಸ್ರದಲ್ಲಿ ಮಾತ್ರ. ಈ ಗುರುತುಗಳನ್ನು ಹಾಕದೆ ಬರೆದರೆ ಎರಡೂ ಒಂದೇ. ಓದುವವರು ತಮಗೆ ತಕ್ಕಂತೆ ಓದಿಕೊಳ್ಳುತ್ತಾರೆ. ಎರಡನೆಯ ಸಾಲೂ ಹೀಗೆಯೇ: 'ಲಸ್ತ ವಹ್ದಕ', 'ಲಸ್ತಿ ವಹ್ದಕಿ' ಬರಹದಲ್ಲಿ ಒಂದೇ.

ತೊಡಕಿರುವುದು ಮೊದಲ ಸಾಲಿನಲ್ಲಿ. ಗಂಡಿಗೆ 'ಲಾ ತಹ್‌ಝನ್', ಹೆಣ್ಣಿಗೆ 'ಲಾ ತಹ್‌ಝನೀ'. ಇಲ್ಲಿ ಕೊನೆಗೆ 'ಯಾ' ಎಂಬ ಅಕ್ಷರವೇ ಸೇರುತ್ತದೆ; ಅದನ್ನು ಮರೆಮಾಡಲಾಗದು. ಗಂಡಿನ ರೂಪವನ್ನೇ ಬರೆದರೆ ಹಾಸಿಗೆ ಹಿಡಿದ ಸಹೋದರಿಗೆ ಆ ಸಾಂತ್ವನ ಬೇರೆ ಯಾರಿಗೋ ಹೇಳಿದಂತೆ ಕೇಳೀತು. ಹಾಗಾಗಿ ಕ್ರಿಯಾಪದ ಬಿಟ್ಟು ನಾಮಪದ ಹಿಡಿದೆವು: 'ಲಾ ದಾಇಯ ಲಿಲ್‌ಹುಝ್ನ್', ಅಂದರೆ ದುಃಖಕ್ಕೆ ಕಾರಣವಿಲ್ಲ. ಇದರಲ್ಲಿ 'ನೀನು' ಇಲ್ಲವೇ ಇಲ್ಲ.

"ಎಲ್ಲವನ್ನೂ ಬಹುವಚನದಲ್ಲಿ ಬರೆದರೆ ಆಗದೇ ಟೀಚರ್? ಒಬ್ಬರಿಗೂ ಅಸ್ಸಲಾಮು ಅಲೈಕುಮ್ ಎನ್ನುತ್ತೇವಲ್ಲ?" ಎಂದಳು. ಪ್ರಶ್ನೆ ಸರಿಯೇ. ಗಂಡಸರೂ ಹೆಂಗಸರೂ ಕೂಡಿದ ಗುಂಪಿಗೆ, ಇಡೀ ಕುಟುಂಬಕ್ಕೆ 'ಲಾ ತಹ್‌ಝನೂ, ಲಸ್ತುಮ್ ವಹ್ದಕುಮ್, ಶಫಾಕುಮುಲ್ಲಾಹ್' ಚೆನ್ನಾಗಿ ಒಪ್ಪುತ್ತದೆ. ಆದರೆ ನೋವಿನಲ್ಲಿರುವ ಒಬ್ಬರಿಗೇ ಹೇಳುವಾಗ ಅದು ಸ್ವಲ್ಪ ದೂರ ನಿಂತು ಆಡಿದ ಮಾತಾಗುತ್ತದೆ.

ಬರೆದಾದ ಮೇಲೆ 'ನೀನು' ಅಡಗಿರುವ ಪ್ರತಿ ಪದಕ್ಕೂ ಬೆರಳಿಟ್ಟು ನೋಡಿ. ಒಂದು ಸಾಲಿನಲ್ಲಿ 'ತಹ್‌ಝನೀ', ಮುಂದಿನದರಲ್ಲಿ 'ಲಸ್ತುಮ್' ಬಂದಿದ್ದರೆ ಒಬ್ಬರೇ ನಡುವೆ ಹಲವರಾಗಿಬಿಟ್ಟಿದ್ದಾರೆ ಎಂದರ್ಥ. ಇನ್ನು ಪಡೆಯುವವರು ಯಾರೆಂದು ಗೊತ್ತಿದ್ದರೆ ಈ ಉಪಾಯಗಳೇ ಬೇಡ. ಅವಳು ನಿಮ್ಮ ಗೆಳತಿಯಾಗಿದ್ದರೆ 'ಲಾ ತಹ್‌ಝನೀ' ಎಂದೇ ಬರೆಯಿರಿ, ಕಾಫ್‌ನ ಕೆಳಗೆ ಕಸ್ರವನ್ನೂ ಹಾಕಿ.