ಆಟದ ಅವಧಿಗಾಗಿ ಒಂದು ಮನವಿ

ಪರೀಕ್ಷೆಯ ತಿಂಗಳುಗಳು ಸಮೀಪಿಸಿದವೆಂದರೆ ಶಾಲೆಯ ವೇಳಾಪಟ್ಟಿಯಿಂದ ಮೊದಲು ಅಳಿಸಿಹೋಗುವುದು ಆಟದ ಅವಧಿ. ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿಯೂ ಹಾಗೆಯೇ ಆಯಿತು. ಜನವರಿಯ ಆರಂಭದಲ್ಲಿ ಸೂಚನಾಫಲಕದ ಮೇಲೆ ಹೊಸ ವೇಳಾಪಟ್ಟಿ ಕಾಣಿಸಿಕೊಂಡಿತು. ವಾರಕ್ಕೆ ಎರಡರಂತೆ ಹತ್ತನೆಯ ತರಗತಿಗಿದ್ದ ಆಟದ ಅವಧಿಗಳು ಎಂಟು ವಾರಗಳ ಕಾಲ ಗಣಿತದ ಪಾಲಾಗಿದ್ದವು. ಸಹಪಾಠಿಗಳೆಲ್ಲರೂ ತಮ್ಮ ವಿದ್ಯಾರ್ಥಿ ಪ್ರತಿನಿಧಿಯ ಮುಖ ನೋಡಿದರು. ಆಕೆ ಅಂದು ರಾತ್ರಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಲು ಕುಳಿತಳು.

ಮೊದಲು ಬರೆದ ಪತ್ರದಲ್ಲಿ ‘ಅನ್ಯಾಯ’ ಎಂಬ ಮಾತು ಮೂರು ಬಾರಿ ಬಂದಿತ್ತು. ಓದಿ ನೋಡಿದಾಗ ಅವಳಿಗೇ ಸಂಕೋಚವಾಯಿತು. ಗಣಿತದ ಅಧ್ಯಾಪಕರೇನೂ ಮಕ್ಕಳ ವೈರಿಗಳಲ್ಲ. ಅವರಿಗೆ ಪಾಠಗಳು ಉಳಿದಿದ್ದವು. ಹಾಳೆಯನ್ನು ಹರಿದುಹಾಕಿ, ಮರುದಿನ ಅವರನ್ನೇ ಕೇಳಿದಳು:

“ಸಾರ್, ಪಾಠ ಮುಗಿಸಲು ತಮಗೆ ಎಷ್ಟು ಅವಧಿಗಳು ಬೇಕು?”

“ಆರು ಸಿಕ್ಕರೆ ಸಾಕಮ್ಮ.”

ಆ ಒಂದು ಉತ್ತರದಿಂದ ಪತ್ರದ ದಾರಿಯೇ ಬದಲಾಯಿತು. ಹೋಗಲಿದ್ದುದು ಹದಿನಾರು ಅವಧಿ, ಬೇಕಾದುದು ಆರು. ನಲವತ್ತು ನಿಮಿಷದ ಆರು ಅವಧಿಗಳೆಂದರೆ 240 ನಿಮಿಷ. ದಿನವೂ ಇಪ್ಪತ್ತು ನಿಮಿಷ ಮುಂಚಿತವಾಗಿ ಬಂದರೆ ಹನ್ನೆರಡು ದಿನಗಳಲ್ಲಿ ಆ ಸಾಲ ತೀರುತ್ತದೆ. ಲೆಕ್ಕವನ್ನು ಅಧ್ಯಾಪಕರಿಗೆ ತೋರಿಸಿ, ಒಪ್ಪಿಗೆ ಪಡೆದ ಮೇಲೆಯೇ ಅವಳು ಹೊಸ ಹಾಳೆ ತೆಗೆದಳು.

“ಮಾನ್ಯರೇ, 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿದೆ. ನಮಗಿರುವುದು ವಾರಕ್ಕೆ 80 ನಿಮಿಷ. ಶಾಲೆ ಬಿಟ್ಟ ಮೇಲೆ ಹುಡುಗರಿಗೆ ಬೀದಿಯಾದರೂ ಇದೆ. ನಮ್ಮಲ್ಲಿ ಅನೇಕ ಹುಡುಗಿಯರಿಗೆ ನೀರು ತರುವ, ಅಡುಗೆಗೆ ನೆರವಾಗುವ ಕೆಲಸ ಕಾದಿರುತ್ತದೆ. ಈ ಅವಧಿ ಹೋದರೆ ನಮ್ಮ ಆಟವೇ ಹೋದಂತೆ.”

ಹಿರಿಯರಿಗೆ ಬರಬಹುದಾದ ಅಳುಕನ್ನೂ ಅವಳು ಮರೆಯಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಕೈಬೆರಳಿಗೆ ಪೆಟ್ಟಾಗದಂತೆ ಗಟ್ಟಿ ಚೆಂಡಿನ ಕ್ರಿಕೆಟ್ ಬಿಡುವುದಾಗಿ ಬರೆದಳು. ಖೋ-ಖೋ ಆಟಕ್ಕೆ ಎರಡು ಕಂಬ, ಸುಣ್ಣದ ಗೆರೆ ಸಾಕು. ಒಂಬತ್ತು ಮಂದಿಯ ಎರಡು ತಂಡಗಳು ಸೇರಿ ಆಡಬಹುದು. ಕೊನೆಯ ಅವಧಿಯಲ್ಲಿಯೇ ಆಟವಿದ್ದರೆ ಬೆವರಿ ದಣಿದು ಮತ್ತೆ ಪಾಠಕ್ಕೆ ಕುಳಿತುಕೊಳ್ಳುವ ತೊಂದರೆಯೂ ಇರದು.

ಮೂರನೆಯ ದಿನ ಪತ್ರ ಹಿಂದಿರುಗಿತು. ಅಂಚಿನಲ್ಲಿ ಮುಖ್ಯೋಪಾಧ್ಯಾಯರು ಕೆಂಪು ಶಾಯಿಯಲ್ಲಿ ಬರೆದಿದ್ದರು: “ಒಪ್ಪಿದೆ. ಹನ್ನೆರಡು ದಿನಗಳಲ್ಲಿ ಪಾಠ ಮುಗಿಯದಿದ್ದರೆ ಈ ಅನುಮತಿ ರದ್ದಾಗುವುದು.”

ಮರುದಿನ ಗಂಟೆ ಬಾರಿಸುವುದಕ್ಕೆ ಇಪ್ಪತ್ತು ನಿಮಿಷ ಮೊದಲು ಆಕೆ ಬಾಗಿಲಲ್ಲಿ ನಿಂತು ತಲೆ ಎಣಿಸಿದಳು. ಇಬ್ಬರು ಬಂದಿರಲಿಲ್ಲ. ಪುಸ್ತಕದ ಚೀಲವನ್ನು ಬೆಂಚಿನ ಮೇಲಿಟ್ಟು, ಅವರನ್ನು ಕರೆತರಲು ಊರೊಳಗೆ ಓಡಿದಳು.