ಅಂಕಪಟ್ಟಿಯ ಕೊನೆಯ ಕಾಲಂ

ಐಪಿಎಲ್ ದಿನಗಳಲ್ಲಿ ಹಿರಿಯೂರಿನಿಂದ ಹೊಸದುರ್ಗದ ಬಸ್ಸು ಹತ್ತಿ ಕಿಟಕಿ ಪಕ್ಕ ಸೀಟು ಸಿಕ್ಕಿತೆಂದರೆ, ನಾನು ಪೇಪರಿನ ಕ್ರೀಡಾಪುಟ ತೆಗೆದು ಜೇಬಿನಿಂದ ಪೆನ್ಸಿಲ್ ಈಚೆಗೆಳೆಯುತ್ತೇನೆ. ಪಂದ್ಯದ ವರದಿ ಆಮೇಲೆ. ಮೊದಲು ಅಂಕಪಟ್ಟಿ, ಅದರಲ್ಲೂ ಬಲತುದಿಯ ನೆಟ್ ರನ್‌ರೇಟ್. ಅಂಕಗಳು ತಂಡ ಎಷ್ಟು ಗೆದ್ದಿದೆ ಎನ್ನುವುದನ್ನು ಹೇಳುತ್ತವೆ. ಎಷ್ಟು ಗೆಲ್ಲಬೇಕಿತ್ತು ಎನ್ನುವುದು ಈ ಕೊನೆಯ ಕಾಲಂನಲ್ಲಿ ಅಡಗಿದೆ. ಎರಡರ ನಡುವಿನ ಅಂತರವನ್ನು ಲೆಕ್ಕ ಹಾಕಿ ತೆಗೆಯುವಷ್ಟು ಖುಷಿ ನನಗೆ ಇನ್ನಾವ ಹವ್ಯಾಸದಲ್ಲೂ ಸಿಕ್ಕಿಲ್ಲ.

ಈ ಲೆಕ್ಕದ ಮೂಲ ಅಮೆರಿಕದ ಬೇಸ್‌ಬಾಲ್. ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲು ಕೆಲಸ ಮಾಡುತ್ತಲೇ ಆಟದ ಅಂಕಿಅಂಶಗಳ ಬಗ್ಗೆ ಬರೆಯಲು ತೊಡಗಿದ ಬಿಲ್ ಜೇಮ್ಸ್ ಎಂಬಾತ ಕಂಡುಕೊಂಡದ್ದು ಇಷ್ಟೆ: ತಂಡ ಗಳಿಸಿದ ರನ್ನಿನ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ, ಅದು ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತು ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಪಂದ್ಯಕ್ಕೆ ಸರಾಸರಿ 5 ರನ್ ಗಳಿಸಿ 4 ಬಿಟ್ಟುಕೊಡುವ ತಂಡವಾದರೆ 25ನ್ನು 41ರಿಂದ ಭಾಗಿಸಬೇಕು. ಅಂದರೆ ನೂರಕ್ಕೆ 61 ಗೆಲುವು. ವರ್ಗಗಳು ಬರುವುದರಿಂದ ಇದಕ್ಕೆ ಪೈಥಾಗರಸ್‌ನ ಹೆಸರು ಅಂಟಿಕೊಂಡಿದೆ.

ಇದನ್ನು ಹಾಗೇ ಎತ್ತಿ ಕ್ರಿಕೆಟ್ಟಿಗೆ ಹಚ್ಚಿದರೆ ಎಡವಟ್ಟಾಗುತ್ತದೆ. 2024ರಲ್ಲಿ ಮುಂಬೈಯಲ್ಲಿ ಆರ್‌ಸಿಬಿ 196 ಹೊಡೆಯಿತು, ಮುಂಬೈ 199 ಮಾಡಿ ಗೆದ್ದಿತು. ರನ್ನುಗಳನ್ನಷ್ಟೇ ನೋಡಿದರೆ ಅಂತರ ಮೂರೇ ಮೂರು. ಆದರೆ ಮುಂಬೈ ಅದನ್ನು ಮುಗಿಸಿದ್ದು 15.3 ಓವರಿನಲ್ಲಿ, ಅದು ಏಕಪಕ್ಷೀಯ ಪಂದ್ಯ. ಬೆನ್ನಟ್ಟುವ ತಂಡ ಗುರಿ ಮುಟ್ಟಿದೊಡನೆ ಆಟ ನಿಲ್ಲುವುದರಿಂದ ಒಟ್ಟು ರನ್ನಿನ ಬದಲು ಓವರಿಗೆ ಎಷ್ಟು ರನ್ ಎಂದು ನೋಡಬೇಕು: ಇತ್ತ 9.8, ಅತ್ತ 12.8. ತಂಡ ಆಲೌಟಾದರೆ ನೆಟ್ ರನ್‌ರೇಟ್‌ನಲ್ಲಿ ಎಣಿಸುವಂತೆಯೇ ಪೂರ್ತಿ 20 ಓವರ್ ಹಿಡಿಯಬೇಕು.

ಇನ್ನೊಂದು ಮಾರ್ಪಾಡೂ ಬೇಕು. ಟಿ20ಯಲ್ಲಿ ಎರಡೂ ತಂಡಗಳ ರನ್ ವೇಗ ಹತ್ತಿರ ಹತ್ತಿರವೇ ಇರುತ್ತದೆ. ಹಾಗಾಗಿ ವರ್ಗ ಸಾಲುವುದಿಲ್ಲ, ಘಾತ ಹೆಚ್ಚಿಸಬೇಕು. 2024ರ ಹತ್ತೂ ತಂಡಗಳ ಪಟ್ಟಿಗೆ ಹೊಂದಿಸಿ ನೋಡಿದಾಗ ನನಗೆ ಸಿಕ್ಕಿದ್ದು ಸುಮಾರು 5. ಬಸ್ಸಿನಲ್ಲಿ ಐದನೇ ಘಾತ ತೆಗೆಯುವುದು ಕಷ್ಟ. ಅದಕ್ಕೆ ಒಂದು ಸುಲಭ ದಾರಿ ಇದೆ. 14 ಪಂದ್ಯ ಆಡಿದ ತಂಡದ ನೆಟ್ ರನ್‌ರೇಟ್ ಅನ್ನು ಎರಡರಿಂದ ಗುಣಿಸಿ ಏಳಕ್ಕೆ ಕೂಡಿಸಿದರೆ, ಅದು ಗೆಲ್ಲಬೇಕಿದ್ದ ಪಂದ್ಯಗಳ ಸಂಖ್ಯೆ ಅಂದಾಜಿಗೆ ಸಿಗುತ್ತದೆ.

ಈಗ ನಮ್ಮ ತಂಡದ ಕಥೆಗೆ ಬರೋಣ. ಆ ವರ್ಷ ಆರ್‌ಸಿಬಿ ಮೊದಲ ಎಂಟರಲ್ಲಿ ಗೆದ್ದದ್ದು ಒಂದೇ, ಮಾರ್ಚ್ 25ರಂದು ಪಂಜಾಬ್ ವಿರುದ್ಧ. ಮತ್ತೆ ಗೆದ್ದದ್ದು ಸರಿಯಾಗಿ ಒಂದು ತಿಂಗಳ ಮೇಲೆ, ಏಪ್ರಿಲ್ 25ರ ರಾತ್ರಿ ಹೈದರಾಬಾದಿನಲ್ಲಿ. ಮರುದಿನ ಚಿತ್ರದುರ್ಗದಲ್ಲಿ ಲೋಕಸಭೆಗೆ ಮತದಾನ. ಬೂತಿನ ಸಾಲಿನಲ್ಲಿ ನನ್ನ ಮುಂದಿದ್ದ ಹುಡುಗ ತಿರುಗಿ, “ನೋಡ್ದೇನಣ್ಣಾ, ತಿಂಗ್ಳಾದ್ಮೇಲೆ ಗೆದ್ರು. ಇಷ್ಟ್ ದಿನ ಬರೀ ಬ್ಯಾಡ್ ಲಕ್ಕು” ಅಂದ. ಬರೀ ಬ್ಯಾಡ್ ಲಕ್ಕೇ? ಸಾಲು ನಿಧಾನಕ್ಕೆ ಸಾಗುತ್ತಿತ್ತು, ನನ್ನ ಹತ್ತಿರ ಪೆನ್ಸಿಲ್ಲೂ ಇತ್ತು. ಪೇಪರಿನ ಅಂಚಿನಲ್ಲಿ ಅವನಿಗೆ ಬರೆದು ತೋರಿಸಿದೆ.

ಮೊದಲ ಎಂಟು ಪಂದ್ಯಗಳಲ್ಲಿ ಗಳಿಸಿದ್ದು 1548 ರನ್, ಓವರಿಗೆ 9.72. ಬಿಟ್ಟುಕೊಟ್ಟದ್ದು 1616, ಓವರಿಗೆ 10.76. ಇದನ್ನು ಐದನೇ ಘಾತದ ಲೆಕ್ಕಕ್ಕೆ ಹಾಕಿದರೆ ಬರುವುದು ಮೂರು ಗೆಲುವು. ಮೂರು ಸಿಗಬೇಕಿದ್ದಲ್ಲಿ ಒಂದು ಸಿಕ್ಕಿತ್ತು. ಎರಡು ಗೆಲುವು ನಸೀಬು ತಿಂದುಹಾಕಿತ್ತು ನಿಜ. ಕೋಲ್ಕತ್ತದಲ್ಲಿ 222ರ ಬೆನ್ನು ಹತ್ತಿ, ಕೊನೆಯ ಓವರಿನಲ್ಲಿ ಕರ್ಣ್ ಶರ್ಮಾ ಸ್ಟಾರ್ಕ್‌ಗೆ ಮೂರು ಸಿಕ್ಸರ್ ಬಾರಿಸಿಯೂ ಒಂದೇ ರನ್ನಿನಿಂದ ಸೋತದ್ದು ಅಂಥದ್ದು. ಆ ಒಂದು ರನ್ ರನ್‌ರೇಟ್‌ಗೆ ಏನೇನೂ ಅಲ್ಲ, ಅಂಕಪಟ್ಟಿಯಲ್ಲಿ ಮಾತ್ರ ಎರಡು ಅಂಕ. ಆದರೆ ಎಂಟರಲ್ಲಿ ಮೂರು ಗೆಲ್ಲುವಂತೆ ಆಡುವ ತಂಡವೂ ಒಳ್ಳೆಯ ತಂಡವಲ್ಲ. ಉಳಿದ ಐದು ಸೋಲು ಬೌಲಿಂಗಿನ ಸಂಪಾದನೆ.

ಮುಂದಿನದು ಎಲ್ಲರಿಗೂ ಗೊತ್ತು: ಉಳಿದ ಆರೂ ಪಂದ್ಯ ಗೆದ್ದು, ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು 27 ರನ್ನಿನಿಂದ ಸೋಲಿಸಿ ಪ್ಲೇಆಫ್ ಸೇರಿದರು. ಆ ಆರರಲ್ಲಿ ಓವರಿಗೆ 11.03 ಗಳಿಸಿ 8.58 ಕೊಟ್ಟರು. ಈ ವೇಗಕ್ಕೆ ಸಲ್ಲಬೇಕಿದ್ದದ್ದು ನಾಲ್ಕೂಮುಕ್ಕಾಲು ಗೆಲುವು, ಸಿಕ್ಕಿದ್ದು ಆರು. ಅಂದರೆ ಅದೃಷ್ಟ ಕೈಹಿಡಿದದ್ದು ಒಂದೂಕಾಲು ಪಂದ್ಯದಷ್ಟು. ಮಿಕ್ಕದ್ದೆಲ್ಲ ಆಟವೇ ಬದಲಾದದ್ದು. ಮೊದಲ ಎಂಟನ್ನು ನೋಡಿ ಈ ಸೂತ್ರ ಉಳಿದ ಆರರಲ್ಲಿ ಎರಡೋ ಮೂರೋ ಗೆಲುವು ಎನ್ನುತ್ತಿತ್ತು. ಮುಂದೆ ತಂಡ ಬದಲಾಗುತ್ತದೆಂದು ಅದು ಹೇಳಲಾರದು. ಆಗಿಹೋದದ್ದರಲ್ಲಿ ನಸೀಬು ಎಷ್ಟು, ಆಟ ಎಷ್ಟು ಎಂದು ಅಕ್ಕಿಯಿಂದ ಕಲ್ಲು ಆರಿಸಿದಂತೆ ಬೇರೆ ಮಾಡಿಕೊಡುತ್ತದೆ.

ಆ ವರ್ಷದ ಪಟ್ಟಿಯ ಸೊಗಸು ಬೇರೆ ಕಡೆಯೂ ಇದೆ. ನಾಲ್ಕು ತಂಡಗಳಿಗೆ 14 ಅಂಕ, ನಾಲ್ಕಕ್ಕೂ ಏಳು ಗೆಲುವು, ಏಳು ಸೋಲು. ಕೊನೆಯ ಕಾಲಂ ನೋಡಿ: ಆರ್‌ಸಿಬಿಗೆ +0.459, ಚೆನ್ನೈಗೆ +0.392, ಡೆಲ್ಲಿಗೆ -0.377, ಲಖನೌಗೆ -0.667. ನನ್ನ ಸುಲಭ ಲೆಕ್ಕದಲ್ಲಿ ಆರ್‌ಸಿಬಿ ಮತ್ತು ಚೆನ್ನೈ ಎಂಟರ ಹತ್ತಿರದ ತಂಡಗಳು, ಲಖನೌ ಆರನ್ನೂ ಮುಟ್ಟದ ತಂಡ. ಕಟ್ಟಕಡೆಯಲ್ಲಿದ್ದ ಮುಂಬೈ -0.318ರೊಂದಿಗೆ ಆರಕ್ಕೂ ಹೆಚ್ಚು ಗೆಲ್ಲಬೇಕಿತ್ತು, ಗೆದ್ದದ್ದು ನಾಲ್ಕೇ. ಅಂಕಪಟ್ಟಿಯ ತಳದಲ್ಲಿದ್ದ ಮುಂಬೈ, ಲಖನೌಗಿಂತ ಚೆನ್ನಾಗಿ ಆಡಿತ್ತು!

ಇಲ್ಲಿ ಕೈ ಬಿಗಿಹಿಡಿಯಬೇಕು. ಸರಿಸಮ ತಂಡವೊಂದು 14 ಪಂದ್ಯ ಆಡಿದರೆ ಬರೀ ಆಕಸ್ಮಿಕದಿಂದಲೇ ಎರಡು ಗೆಲುವು ಅತ್ತಿತ್ತ ಆಗಬಹುದು. ಹಾಗಾಗಿ ಲಖನೌನ ಒಂದೂಕಾಲು ಗೆಲುವಿನ ಅಂತರಕ್ಕೆ ನಾನು ಸುಮ್ಮನೆ ತಲೆದೂಗುತ್ತೇನೆ, ಮುಂಬೈನ ಎರಡೂವರೆಯ ಹತ್ತಿರದ ಅಂತರಕ್ಕೆ ಮಾತ್ರ ಗೆರೆ ಎಳೆಯುತ್ತೇನೆ. ಹೊಳಲ್ಕೆರೆಯಲ್ಲಿ ಭಾನುವಾರ ನಡೆಯುವ ಟೆನಿಸ್‌ಬಾಲ್ ಟೂರ್ನಿಯಲ್ಲಿ ತಂಡಕ್ಕೆ ಮೂರು ನಾಲ್ಕೇ ಪಂದ್ಯ. ಅಲ್ಲಿ ಈ ಲೆಕ್ಕಕ್ಕೆ ಬೆಲೆಯಿಲ್ಲ. ಒಂದೇ ದೊಡ್ಡ ಪಂದ್ಯವೂ ದಾರಿ ತಪ್ಪಿಸಬಲ್ಲದು. ಹೈದರಾಬಾದ್ 287 ಹೊಡೆದ ದಿನ ದಿನೇಶ್ ಕಾರ್ತಿಕ್ 35 ಎಸೆತಕ್ಕೆ 83 ಬಾರಿಸಿ ಸೋಲನ್ನು 25 ರನ್ನಿಗೆ ಇಳಿಸಿದರು. ಪಂದ್ಯ ಅದಕ್ಕೂ ಮುಂಚೆಯೇ ಕೈಬಿಟ್ಟಿತ್ತು, ರನ್‌ರೇಟ್ ಮಾತ್ರ ಚೇತರಿಸಿಕೊಂಡಿತು. ಅದಕ್ಕೇ ಅಂತರ ದೊಡ್ಡದಾಗಿ ಕಂಡಾಗ ಸ್ಕೋರ್‌ಕಾರ್ಡುಗಳನ್ನು ಒಂದೊಂದಾಗಿ ತೆರೆದು, ಇಂಥ ಪಂದ್ಯ ಬಿಟ್ಟು ಮತ್ತೊಮ್ಮೆ ಲೆಕ್ಕ ಹಾಕುತ್ತೇನೆ. ಅಂತರ ಆಗಲೂ ಉಳಿದರೆ ಮಾತ್ರ ನಂಬುತ್ತೇನೆ.

2025ರಲ್ಲಿ ಮುಂಬೈ ಎಂಟು ಪಂದ್ಯ ಗೆದ್ದು ಪ್ಲೇಆಫ್ ಸೇರಿತು, ಲಖನೌ ಆರಕ್ಕೆ ಇಳಿಯಿತು. ನಡುವೆ ಮೆಗಾ ಹರಾಜು ನಡೆದು ತಂಡಗಳು ಕಲಸಿಹೋಗಿದ್ದರಿಂದ ಇದನ್ನು ಸೂತ್ರದ ಗೆಲುವೆಂದು ಬೀಗಲಾಗದು. ಆದರೂ ನಾಲ್ಕು ಗೆಲುವಿನ ತಂಡವನ್ನು ಊರೆಲ್ಲ ಆಡಿಕೊಳ್ಳುತ್ತಿದ್ದಾಗ, ಅದು ಅಷ್ಟು ಕೆಟ್ಟ ತಂಡವಲ್ಲ ಎಂದು ಪೆನ್ಸಿಲ್ ಹಿಡಿದವನಿಗೆ ಮೊದಲೇ ಗೊತ್ತಿತ್ತು.